ಅಭಿನಂದನಾ ಪತ್ರಕ್ಕೆ ಬಂದ ಕೆಸಿಎಲ್ ಆಂಪೂಲ್

ಮೇ 12 ನರ್ಸ್‌ಗಳ ದಿನ. ನಮ್ಮ ಆಸ್ಪತ್ರೆಯಲ್ಲಿ ಅವತ್ತು ಒಬ್ಬ ಸ್ಟಾಫ್ ನರ್ಸ್‌ಗೆ ಶಾಲು ಹೊದಿಸಿ ಅಭಿನಂದನಾ ಪತ್ರ ಓದುವ ವಾಡಿಕೆ. ಈ ಸಲ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೆಡಿಕಲ್ ವಾರ್ಡಿನ ಶಿಫಾರಸಿನಲ್ಲಿ ಇದ್ದದ್ದು ಇಷ್ಟು: ‘ಕರ್ತವ್ಯನಿಷ್ಠೆ, ಸಹನೆ, ಸದಾ ಹಸನ್ಮುಖ. ರೋಗಿಗಳ ಪಾಲಿಗೆ ತಾಯಿ.’ ಹೆಸರು ಮುಚ್ಚಿ ಓದಿದರೆ ಯಾವ ಸಿಸ್ಟರಿಗಾದರೂ ಸಲ್ಲುವ ಮಾತು. ನಿವೃತ್ತರಾಗುವ ಮೇಷ್ಟ್ರ ಬಿನ್ನವತ್ತಳೆಗೂ ಆದೀತು, ‘ತಾಯಿ’ ಒಂದನ್ನು ತೆಗೆದರೆ ಸಾಕು.

ವಾರ್ಡಿಗೇ ಹೋದೆ. ಸನ್ಮಾನಕ್ಕೆ ಆಯ್ಕೆಯಾದ ಸಿಸ್ಟರ್ ಹೇಗೆ ಎಂದು ಕೇಳಿದ್ದಕ್ಕೆ ಇನ್‌ಚಾರ್ಜ್ ಸಿಸ್ಟರ್, “ತುಂಬಾ ಒಳ್ಳೆಯವರು ಮೇಡಂ” ಎಂದರು. ಪ್ರಶ್ನೆ ಬದಲಿಸಿದೆ: “ಅವರು ಬಂದ ಮೇಲೆ ಈ ವಾರ್ಡಿನಲ್ಲಿ ಏನು ಬೇರೆಯಾಗಿದೆ?” ಅವರು ಸ್ವಲ್ಪ ಯೋಚಿಸಿ ಔಷಧಿ ಟ್ರಾಲಿಯ ಹತ್ತಿರ ಕರೆದುಕೊಂಡು ಹೋದರು.

ಮೊದಲು ಆ ಟ್ರಾಲಿಯ ಒಂದೇ ಟ್ರೇಯಲ್ಲಿ ಡಿಸ್ಟಿಲ್ಡ್ ವಾಟರ್ ಆಂಪೂಲೂ ಕೆಸಿಎಲ್, ಅಂದರೆ ಪೊಟ್ಯಾಸಿಯಮ್ ಕ್ಲೋರೈಡ್ ಆಂಪೂಲೂ ಇರುತ್ತಿದ್ದವು. ಎರಡೂ 10 ಎಂಎಲ್‌ನ ಪುಟ್ಟ ಸೀಸೆ, ಎರಡರಲ್ಲೂ ನೀರಿನಂಥ ದ್ರವ, ಮೇಲೆ ಸಣ್ಣ ಅಕ್ಷರ. ಆಂಟಿಬಯಾಟಿಕ್ ಪುಡಿ ಕರಗಿಸಲು ಬೇಕಾದದ್ದು ಮೊದಲನೆಯದು. ಎರಡನೆಯದನ್ನು ಡ್ರಿಪ್ ಬಾಟಲಿಗೆ ಬೆರೆಸಿ ಗಂಟೆಗಟ್ಟಲೆ ನಿಧಾನವಾಗಿ ಕೊಡಬೇಕು; ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯವೇ ನಿಲ್ಲಬಹುದು. ಒಂದು ರಾತ್ರಿ ಪಾಳಿಯಲ್ಲಿ ಹೊಸ ಹುಡುಗಿಯೊಬ್ಬಳ ಕೈ ಕೆಸಿಎಲ್ ಆಂಪೂಲಿಗೆ ಹೋಗಿತ್ತು. ಪಕ್ಕದಲ್ಲಿದ್ದ ಈ ಸಿಸ್ಟರ್ ಲೇಬಲ್ ನೋಡಿ ತಡೆದರು.

ತಡೆದದ್ದೇ ದೊಡ್ಡದೆಂದು ನಾನು ಬರೆದುಕೊಳ್ಳುತ್ತಿದ್ದೆ. ಆದರೆ ಮುಂದಿನದು ಇನ್ನೂ ದೊಡ್ಡದು. ಅವರು ಆ ಹುಡುಗಿಯನ್ನು ಬೈದು ಸುಮ್ಮನಾಗಲಿಲ್ಲ. ಬೆಳಿಗ್ಗೆ ಪಾಳಿ ಬದಲಾಗುವ ಹ್ಯಾಂಡೋವರ್‌ನಲ್ಲಿ ಎಲ್ಲರೆದುರು ಎರಡೂ ಆಂಪೂಲನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಕೆಸಿಎಲ್ ಟ್ರಾಲಿ ಬಿಟ್ಟು ಬೀಗದ ಕಪಾಟಿನ ಕೆಂಪು ಮುಚ್ಚಳದ ಡಬ್ಬಿಗೆ ಹೋಯಿತು. ‘ಬೆರೆಸದೆ ಕೊಡಬಾರದು’ ಎಂಬ ಚೀಟಿ ಮಾಡಿಕೊಟ್ಟವರು ಫಾರ್ಮಸಿಯವರು. ಡಬ್ಬಿ ತೆಗೆದಾಗಲೆಲ್ಲ ಇಬ್ಬರು ಲೇಬಲ್ ಓದಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ರಿಜಿಸ್ಟರ್ ತಿರುವಿ ನೋಡಿದೆ: ರಾತ್ರಿ ಪಾಳಿಯಲ್ಲೂ ಎರಡೆರಡು ಸಹಿ. ಇನ್‌ಚಾರ್ಜ್ ಮೆಚ್ಚಿ ಆಡಿದ ಮಾತಿಗೆ ಅದು ಸಾಕ್ಷಿ. ಹಾಗೆ ನೋಡಿ ಬರದಿದ್ದರೆ ನನ್ನ ಪತ್ರವೂ ಬರೀ ಕೇಳಿದ ಕಥೆಯಾಗುತ್ತಿತ್ತು.

ಪತ್ರದ ನಡುವಿನ ಭಾಗ ಹೀಗೆ ಬಂತು: ‘ಡಿಸ್ಟಿಲ್ಡ್ ವಾಟರ್ ಮತ್ತು ಪೊಟ್ಯಾಸಿಯಮ್ ಕ್ಲೋರೈಡ್ ಆಂಪೂಲುಗಳು ನೋಡಲು ಒಂದೇ ಥರ ಇದ್ದು ಒಂದೇ ಟ್ರೇಯಲ್ಲಿರುವುದನ್ನು ಗುರುತಿಸಿದಿರಿ. ಎರಡನ್ನೂ ಬೇರ್ಪಡಿಸಿ, ಫಾರ್ಮಸಿಯ ನೆರವಿನಿಂದ ಎಚ್ಚರಿಕೆಯ ಚೀಟಿ ಅಂಟಿಸಿ, ಇಬ್ಬರು ನೋಡಿ ಸಹಿ ಮಾಡುವ ಪದ್ಧತಿ ತಂದಿರಿ. ಇಂದು ವಾರ್ಡಿನ ಮೂರೂ ಪಾಳಿಗಳಲ್ಲಿ ಅದು ನಡೆಯುತ್ತಿದೆ.’

ಸಮಿತಿಯ ಹಿರಿಯರೊಬ್ಬರಿಗೆ ಇದು ಸಪ್ಪೆಯೆನಿಸಿತು. ‘ಅನೇಕ ಜೀವಗಳನ್ನು ಉಳಿಸಿದಿರಿ’ ಎಂದು ಸೇರಿಸಿ ಎಂದರು. ನಾನು ಒಪ್ಪಲಿಲ್ಲ. ಆ ವ್ಯವಸ್ಥೆಯಿಂದ ಎಷ್ಟು ತಪ್ಪು ತಪ್ಪಿತು ಎಂಬ ಲೆಕ್ಕ ಯಾರ ಬಳಿಯೂ ಇಲ್ಲ. ಗೊತ್ತಿರದ ಫಲ ಹೇಳಿದರೆ, ಗೊತ್ತಿರುವ ಕೆಲಸದ ಮೇಲೂ ಕೇಳುವವರಿಗೆ ಅನುಮಾನ ಬರುತ್ತದೆ. ಆ ರಾತ್ರಿಯ ಪ್ರಸಂಗವನ್ನೂ ಬೇಕೆಂದೇ ಬಿಟ್ಟೆ. ಹೆಸರು ಹಾಕದಿದ್ದರೂ ಹುಡುಗಿ ಯಾರೆಂದು ಸಭೆಯಲ್ಲಿ ಅರ್ಧ ಜನಕ್ಕೆ ಗೊತ್ತಾಗುತ್ತಿತ್ತು. ಒಬ್ಬರ ಸನ್ಮಾನದಲ್ಲಿ ಇನ್ನೊಬ್ಬರ ಮಾನ ಹೋಗಬಾರದಲ್ಲ. ಅಲ್ಲದೆ, ಹಾಗೆ ಆದರೆ ಮುಂದಿನ ಸಲ ಕೈತಪ್ಪಿದ್ದನ್ನು ಯಾರೂ ಹೇಳುವುದಿಲ್ಲ.

ಓದುವ ಮುನ್ನ ಪತ್ರವನ್ನು ಆ ಸಿಸ್ಟರಿಗೇ ತೋರಿಸಿದೆ. ಗುಟ್ಟಾಗಿಟ್ಟು ಅಚ್ಚರಿಗೊಳಿಸುವುದಕ್ಕಿಂತ ವಿವರ ಸರಿಯಿರುವುದು ಮುಖ್ಯ ಅನಿಸಿತು. ಅವರು ಎರಡು ಸಲ ಓದಿ, “ರಿಜಿಸ್ಟರ್ ಇಡೋಣ ಅಂದದ್ದು ನಾನಲ್ಲ ಮೇಡಂ, ನೈಟ್ ಡ್ಯೂಟಿಯ ಬ್ರದರ್. ನಾನು ಡಬ್ಬಿ ಮಾತ್ರ ಯೋಚಿಸಿದ್ದು” ಎಂದರು. ವಾಕ್ಯ ತಿದ್ದಿ ಅದನ್ನು ಬ್ರದರ್ ಹೆಸರಿಗೆ ಹಾಕಿದೆ. ಅವರಿಗೆ ಬೇರೆಯಾಗಿ ಎರಡು ಸಾಲಿನ ಮೆಸೇಜನ್ನೂ ಕಳಿಸಿದೆ: ‘ಕೆಸಿಎಲ್‌ಗೆ ಎರಡು ಸಹಿ ಬೇಕೆಂದು ಹೇಳಿದವರು ನೀವಂತೆ. ರಿಜಿಸ್ಟರ್ ನೋಡಿದೆ, ಒಂದು ರಾತ್ರಿಯೂ ಬಿಟ್ಟುಹೋಗಿಲ್ಲ.’

ಕಾರ್ಯಕ್ರಮ ಮುಗಿದು ಕಾಫಿಗೆ ನಿಂತಾಗ ಸರ್ಜಿಕಲ್ ವಾರ್ಡಿನ ಇನ್‌ಚಾರ್ಜ್ ಬಂದು, ಆ ಚೀಟಿ ಫಾರ್ಮಸಿಯಲ್ಲಿ ಯಾರ ಹತ್ತಿರ ಸಿಗುತ್ತದೆ ಎಂದು ಕೇಳಿದರು.