ಸೋಲೋದೇ ಇಲ್ಲ ಅನ್ನೋ ಲೆಕ್ಕದಲ್ಲಿ 267 ಪೌಂಡ್ ಹೋಗಿದ್ದು

ಆಷಾಢದ ಮಳೆ, ತೀರ್ಥಹಳ್ಳಿ ಹತ್ರ ನಮ್ಮನೆ, ಸಂಜೆ ಐದೂವರೆ ಇರ್ಬೇಕು, ನಾನು ಜಗಲಿಲಿ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ದೆ, ವಾಟ್ಸಾಪ್ ಕಾಲಲ್ಲಿ ಇಂಗ್ಲೆಂಡಲ್ಲಿರೋ ದೊಡ್ಡಮ್ಮನ ಮಗ ಅಣ್ಣ. ದುಡ್ಡು ಅವಂದು, ಅಕೌಂಟು ಅವಂದು, ಅಲ್ಲಿ ಬುಕ್ಕಿಗಳು ಲೈಸೆನ್ಸ್ ತಗೊಂಡೇ ವ್ಯಾಪಾರ ಮಾಡ್ತಾರೆ (ನಮ್ಮಲ್ಲಿ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟನ 2025ರ ಕಾಯ್ದೆ ನಿಷೇಧ ಮಾಡಿದೆ, ಇಲ್ಲಿ ಕೂತು ಯಾರೂ ಕೈ ಹಾಕ್ಬೇಡಿ). ಒಂದೇ ಮ್ಯಾಚಿಗೆ ಇಬ್ಬರು ಬುಕ್ಕಿಗಳ ಹತ್ರ ಎರಡೂ ಕಡೆ ಬಾಜಿ ಕಟ್ಟಿ, ಯಾರು ಗೆದ್ರೂ ನಾಕು ಕಾಸು ಉಳಿಸೋದು ನಮ್ಮ ಆಟ, ಅದರಲ್ಲಿ ನಂದು ಬರೀ ಕ್ಯಾಲ್ಕುಲೇಟರ್ ಕೆಲಸ.

ಅವತ್ತು ಒಂದು ಸಣ್ಣ ಟೆನಿಸ್ ಮ್ಯಾಚು. ಟೆನಿಸ್ಸೇ ಯಾಕೆ ಅಂದ್ರೆ ಡ್ರಾ ಅನ್ನೋದಿಲ್ಲ, ಇವ್ನು ಇಲ್ಲ ಅವ್ನು, ಎರಡೇ ದಾರಿ. ಮೊದಲನೇ ಬುಕ್ಕಿ ಹತ್ರ ಒಬ್ಬ ಆಟಗಾರಂಗೆ 2.10 ಇತ್ತು, ಅಂದ್ರೆ ಒಂದು ಪೌಂಡ್ ಕಟ್ಟಿ ಗೆದ್ರೆ ಅಸಲು ಸೇರಿ 2.10 ವಾಪಸ್. ಎರಡನೇ ಬುಕ್ಕಿ ಹತ್ರ ಎದುರಾಳಿಗೆ 1.98. ಒಂದನ್ನ ಒಂದೊಂದು ರೇಟಿಂದ ಭಾಗಿಸಿ ಕೂಡಿಸ್ಬೇಕು, 0.476 ಮತ್ತೆ 0.505, ಒಟ್ಟು 0.981. ಒಂದೇ ಬುಕ್ಕಿಯ ಎರಡೂ ರೇಟು ತಗೊಂಡ್ರೆ ಇದು ಸಾಮಾನ್ಯ ಒಂದಕ್ಕಿಂತ ಜಾಸ್ತಿನೇ ಬರೋದು, ಆ ಜಾಸ್ತಿನೇ ಅವರ ಲಾಭ. ಇಬ್ಬರ ಅಂಗಡಿ ಸೇರಿಸಿದಾಗ ಒಂದಕ್ಕಿಂತ ಕಮ್ಮಿ ಬಂತು ಅಂದ್ರೆ ಯಾರು ಗೆದ್ರೂ ನಮಗೆ ಉಳೀತದೆ. ಶಿವಮೊಗ್ಗ ಮಂಡಿಲಿ ಒಂದು ರೇಟು ಸಾಗರದಲ್ಲಿ ಒಂದು ರೇಟು ಇದ್ದಾಗ ಅಡಿಕೆ ವ್ಯಾಪಾರಿ ಮಾಡೋ ಲೆಕ್ಕ ಇದೇ, ಲಾರಿ ಹೋಗಿ ಮುಟ್ಟೋದ್ರೊಳಗೆ ರೇಟು ಬಿದ್ರೆ ಪಜೀತಿ ಅನ್ನೋದೂ ಸೇರಿ.

500 ಪೌಂಡನ್ನ ಹಂಚಿದ್ರೆ 2.10ರ ಕಡೆ 242.65, 1.98ರ ಕಡೆ 257.35. ಹಿಂಗೆ ಪೈಸೆ ಲೆಕ್ಕದಲ್ಲಿ ಕಟ್ಟಿದ್ರೆ ಬುಕ್ಕಿಗೆ ನಮ್ಮ ಆಟ ಗೊತ್ತಾಗ್ತದೆ, ಗೊತ್ತಾದ್ರೆ ಜಾಸ್ತಿ ಕಟ್ಟಕ್ಕೆ ಬಿಡಲ್ಲ, ಅದಕ್ಕೆ 243 ಮತ್ತೆ 257 ಮಾಡಿದ್ವಿ. ಒಬ್ಬ ಗೆದ್ರೆ 10.30 ಲಾಭ, ಇನ್ನೊಬ್ಬ ಗೆದ್ರೆ 8.86. ಐನೂರು ಕಟ್ಟಿ ಒಂಬತ್ತೋ ಹತ್ತೋ, ಅಷ್ಟೇ.

ಅಣ್ಣ 243 ಕಟ್ಟಿದ. "ಆಯ್ತು ಮಾರಾಯ, ಇನ್ನೊಂದು ಹೇಳು" ಅಂದ, ಅಷ್ಟರಲ್ಲಿ ನಮ್ಮಲ್ಲಿ ಕರೆಂಟ್ ಹೋಯ್ತು, ಅದರ ಜೊತೆ ವೈಫೈನೂ. ಕೊಡೆ ಹಿಡ್ಕೊಂಡು ಸಿಗ್ನಲ್ ಸಿಗೋ ದಣಪೆ ಹತ್ರ ಓಡಿ ಫೋನ್ ಮಾಡೋಷ್ಟ್ರಲ್ಲಿ ನಾಲ್ಕು ನಿಮಿಷ, ಅವ್ನು 257 ಒತ್ತಕ್ಕೆ ಹೋದ್ರೆ ಸ್ಲಿಪ್ಪಲ್ಲಿ ರೇಟು 1.91 ಆಗಿದೆ ಅಂತ ಬಂದು ನಿಂತಿತ್ತಂತೆ.

ಇಲ್ಲೇ ನಾವು ಮೊದಲನೇ ತಪ್ಪು ಮಾಡಿದ್ದು. 2.10 ನೋಡಿ ಇದೇ ಜಾಸ್ತಿ, ಇದೇ ಓಡಿಹೋಗೋದು ಅಂತ ಅದನ್ನ ಮೊದಲು ಹಿಡಿದ್ವಿ. ಉಳಿದ ಬುಕ್ಕಿಗಳನ್ನ ನೋಡಿದ್ರೆ ಆ ಆಟಗಾರಂಗೆ ಎಲ್ಲರೂ 2.05, 2.10 ಅಂತಲೇ ಇದ್ರು, ಎದುರಾಳಿಗೆ ಮಾತ್ರ ಎಲ್ಲಾ ಕಡೆ 1.80ರ ಮೇಲೆ ಕೆಳಗೆ, ಈ ಒಬ್ಬ ಬುಕ್ಕಿ 1.98ರಲ್ಲಿ ನಿದ್ದೆ ಮಾಡ್ತಿದ್ದ. ನಿದ್ದೆ ಮಾಡೋನು ಎದ್ದೇ ಏಳ್ತಾನೆ, ಅವನ ಹತ್ರನೇ ಮೊದಲು ಕಟ್ಬೇಕಿತ್ತು. ರೇಟು ಬರೀ ದೊಡ್ಡದಿದ್ರೆ ಸಾಲ್ದು, ಗುಂಪಿಂದ ಯಾವುದು ದೂರ ಇದೆ ಅನ್ನೋದನ್ನ ನೋಡ್ಬೇಕು.

ದಣಪೆಲಿ ನೆನೀತಾ ಮತ್ತೆ ಲೆಕ್ಕ. ಮೊದಲನೇದು ಗೆದ್ರೆ 510.30 ಬರ್ತದೆ, ಅದನ್ನ 1.91ರಿಂದ ಭಾಗಿಸಿದ್ರೆ 267. "ಲಾಭ ಏನೂ ಇಲ್ಲ ಅಣ್ಣ, 267 ಕಟ್ಬಿಡು, ಅಸಲು ಉಳೀತದೆ" ಅಂದೆ. ಒಬ್ಬ ಗೆದ್ರೆ 30 ಪೆನ್ಸ್ ಲಾಭ, ಇನ್ನೊಬ್ಬ ಗೆದ್ರೆ 3 ಪೆನ್ಸ್ ನಷ್ಟ. ಕಟ್ಟಿದ. ನಾನು ಒಳಗೆ ಬಂದು ತಲೆ ಒರೆಸ್ಕೊಂಡು ಕಷಾಯ ಕುಡಿದೆ, ಅಮ್ಮ ಬೈದ್ರು ಅದು ಬೇರೆ.

ರಾತ್ರಿ ಎಂಟೂವರೆಗೆ ಅಣ್ಣನ ಮೆಸೇಜು, ಎದುರಾಳಿ ಎರಡನೇ ಸೆಟ್ಟಲ್ಲಿ ಸೊಂಟ ಹಿಡ್ಕೊಂಡು ಆಟ ಬಿಟ್ಟ. ನಂಗೆ ಖುಷಿನೇ ಆಯ್ತು, ನಮ್ಮ 2.10ನವ್ನು ಗೆದ್ದ ಹಾಗೇ ಅಲ್ವಾ ಅಂತ. ಹಂಗಿರಲಿಲ್ಲ. ಮೊದಲನೇ ಬುಕ್ಕಿಯ ನಿಯಮದಲ್ಲಿ ಮ್ಯಾಚು ಪೂರ್ತಿ ಮುಗೀದೇ ಇದ್ರೆ ಬಾಜಿ ರದ್ದು, ಹಾಗಾಗಿ 243 ಹಂಗೇ ವಾಪಸ್ ಬಂತು. ಎರಡನೇ ಬುಕ್ಕಿಯ ನಿಯಮದಲ್ಲಿ ಒಂದು ಸೆಟ್ ಮುಗಿದಿದ್ರೆ ಸಾಕು, ಬಾಜಿ ನಿಲ್ತದೆ, ಆಟ ಬಿಟ್ಟೋನು ಸೋತ ಅಂತಲೇ ಲೆಕ್ಕ. 267 ಹೋಯ್ತು, ಆ ಕಡೆಯಿಂದ ತುಂಬೋಕೆ ಏನೂ ಇಲ್ಲ.

ಬೇಜಾರಾಗಿದ್ದು ಏನು ಅಂದ್ರೆ, ನಮ್ಮ 2.10ನವ್ನು ಎರಡನೇ ಸೆಟ್ಟಲ್ಲಿ ಕೂತಿದ್ರೆ ಇದೇ ನಿಯಮದಿಂದ 243 ವಾಪಸ್ ಬಂದು ಮೇಲೆ 242.97 ಸಿಕ್ತಿತ್ತು. ಅಂದ್ರೆ ಲಾಕ್ ಮಾಡಿದೀವಿ ಅಂತ ಅಂದ್ಕೊಂಡಿದ್ದು ಯಾರ ಸೊಂಟ ಮೊದಲು ಹಿಡೀತದೆ ಅನ್ನೋ ಜೂಜೇ ಆಗಿತ್ತು. ಇಬ್ಬರು ಬುಕ್ಕಿಗಳ ರಿಟೈರ್‌ಮೆಂಟ್ ನಿಯಮ ಒಂದೇ ಆಗಿದ್ರೆ ಮಾತ್ರ ಆ 0.981ಕ್ಕೆ ಅರ್ಥ, ಅದನ್ನ ಓದಕ್ಕೆ ಎರಡು ನಿಮಿಷ ಸಾಕಿತ್ತು.

ಹಿಂದಿನ ಎರಡು ತಿಂಗಳಲ್ಲಿ ಒಂಬತ್ತು, ಹತ್ತು ಅಂತ ಕೂಡಿಟ್ಟಿದ್ದು ಒಟ್ಟು 180 ಪೌಂಡ್ ಇತ್ತು. ಮೂರು ವಾರ ಬಿಟ್ಟು ಅಣ್ಣ ಅದೇ ಮೊದಲನೇ ಬುಕ್ಕಿ ಹತ್ರ 200 ಕಟ್ಟಕ್ಕೆ ಹೋದ, ಸ್ಲಿಪ್ಪಲ್ಲಿ ಗರಿಷ್ಠ 2.40 ಪೌಂಡ್ ಅಂತ ಬಂತು. ಫೋಟೋ ತೆಗೆದು ಕಳಿಸಿ ಕೆಳಗೆ "ಲೆಕ್ಕ ಮಾಡು ಮಾರಾಯ" ಅಂತ ಬರೆದಿದ್ದ.