ಗುಡ್‌ವಿಲ್ ಹಾಳೆ, ನಾಲ್ಕನೇ ವಾರ: ಅಣ್ಣನೂ ರೊಕ್ಕ ಕೊಡಬೇಕಾಯಿತು

ಹೋದ ವಾರ ಹಾಳೆ ಮುಗಿಯಿತು ಅಂತ ಬರೆದಿದ್ದೆ. ಎಲ್ಲಿಯ ಮುಗಿಯೋದು! ಭಾನುವಾರ ಹುಬ್ಬಳ್ಳಿಯಿಂದ ಬ್ಯಾಡಗಿಗೆ ಹೋಗಿ ದೊಡ್ಡ ಕಾಕಾನ ಮುಂದೆ ಲ್ಯಾಪ್‌ಟಾಪ್ ತೆರೆದೆ. ಹತ್ತೇ ನಿಮಿಷಕ್ಕೆ ಅವರು ತಪ್ಪು ಹಿಡಿದರು.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ನಮ್ಮ ಕಾಕಂದಿರದು ಮೆಣಸಿನಕಾಯಿ ದಲಾಲಿ ಅಂಗಡಿ. ದೊಡ್ಡ ಕಾಕಾ, ಸಣ್ಣ ಕಾಕಾ ಮತ್ತು ಅಣ್ಣ, ಅಂದರೆ ಸಣ್ಣ ಕಾಕಾನ ಮಗ, ಮೂವರು ಪಾಲುದಾರರು. ಲಾಭ 5:3:2 ರಲ್ಲಿ ಹಂಚಿಕೊಳ್ಳುತ್ತಾರೆ. ಈಗ ನಾಲ್ಕನೆಯವರು ಬರುತ್ತಿದ್ದಾರೆ, ಅವರ ಪಾಲು 2/10. ಅಂಗಡಿ ಇಷ್ಟು ದಿನ ಗಳಿಸಿದ ಹೆಸರಿಗೂ ಒಂದು ಬೆಲೆ ಇದೆ, ಅದೇ ಗುಡ್‌ವಿಲ್. ಹೊಸಬರು ತಮ್ಮ ಪಾಲಿಗೆ ತಕ್ಕಷ್ಟು ಅದರ ರೊಕ್ಕ ತರಬೇಕು. ಸಂಜೆ ಆಫೀಸು ಮುಗಿದ ಮೇಲೆ ನಾನು ಸುಮ್ನೆ ಹವ್ಯಾಸಕ್ಕೆ ಅಂತ ಇದರ ಲೆಕ್ಕದ ಹಾಳೆ ಮಾಡುತ್ತಿದ್ದೇನೆ.

ಮೊದಲ ಎರಡು ವಾರ ಸಲೀಸಾಗಿತ್ತು. ಹೊಸಬರಿಗೆ ಇಷ್ಟು ಪಾಲು ಅಂತ ಮಾತ್ರ ಹೇಳಿ, ಉಳಿದದ್ದರ ಬಗ್ಗೆ ಬೇರೆ ಮಾತೇ ಆಗದಿದ್ದರೆ, ಹಳಬರು ತಮ್ಮ ಹಳೇ ಪ್ರಮಾಣದಲ್ಲೇ ಬಿಟ್ಟುಕೊಟ್ಟರು ಅಂತ ಹಿಡಿಯಬೇಕು. ಆಗ ತ್ಯಾಗದ ಅನುಪಾತ, ಅಂದರೆ ಯಾರು ಎಷ್ಟು ಪಾಲು ಬಿಟ್ಟರು ಅನ್ನುವ ಪ್ರಮಾಣವೂ 5:3:2. ಹೊಸಬರು ತಂದ ಗುಡ್‌ವಿಲ್ ರೊಕ್ಕವನ್ನು ಹಾಗೇ ಹಂಚಿದರೆ ಆಯಿತು. ಪರೀಕ್ಷೆಯಲ್ಲಿ ಇಂಥ ಲೆಕ್ಕಗಳೇ ಜಾಸ್ತಿ ಬರುತ್ತವೆ, ಹಾಗಾಗಿ ನನ್ನ ತಲೆಯಲ್ಲೂ ಅದೇ ಕೂತಿತ್ತು.

ಅಂಗಡಿಯಲ್ಲಿ ಆದ ಮಾತು ಬೇರೆ. ದೊಡ್ಡ ಕಾಕಾನಿಗೆ ಮೊಣಕಾಲು ನೋವು, ದಿನಾ ಮಾರ್ಕೆಟ್ಟಿಗೆ ಹೋಗೋದು ಆಗುತ್ತಿಲ್ಲ. ಟೆಂಡರ್ ನೋಡುವುದು, ತೂಕಕ್ಕೆ ನಿಲ್ಲುವುದು ಎಲ್ಲ ಅಣ್ಣನ ಮೇಲೆ ಬಿದ್ದಿದೆ. ಅದಕ್ಕೇ ಹೊಸ ಪ್ರಮಾಣ 3:2:3:2 ಅಂತ ನಾಲ್ವರೂ ಒಪ್ಪಿದ್ದಾರೆ. ಅಣ್ಣನ ಪಾಲು ಏರಿದ್ದನ್ನು ಗಮನಿಸಿದಿರಾ? 2/10 ಇದ್ದದ್ದು 3/10 ಆಗಿದೆ.

ನನ್ನ ಹಾಳೆ ಇಲ್ಲೇ ಎಡವಿತು. ನಾನು ಬರೆದ ಸೂತ್ರ ಇದು:

```
=MAX(0, B2-C2)
```

B ಕಾಲಮ್‌ನಲ್ಲಿ ಹಳೇ ಪಾಲು, C ಕಾಲಮ್‌ನಲ್ಲಿ ಹೊಸ ಪಾಲು. ಬಿಟ್ಟುಕೊಟ್ಟವರು ಮಾತ್ರ ಕಾಣಲಿ, ಮೈನಸ್ ಬಂದರೆ ಸೊನ್ನೆ ತೋರಿಸಲಿ ಅಂತ ಜಾಣತನ ಮಾಡಿದ್ದೆ. ದೊಡ್ಡ ಕಾಕಾ 2/10, ಸಣ್ಣ ಕಾಕಾ 1/10, ಅಣ್ಣ ಸೊನ್ನೆ. ತ್ಯಾಗದ ಅನುಪಾತ 2:1 ಬಂತು. ಅನುಪಾತವೇನೋ ಸರಿ. ಅಂಗಡಿಯ ಗುಡ್‌ವಿಲ್ 6,00,000 ರೂಪಾಯಿ, ಹೊಸಬರ ಪಾಲಿನದು 1,20,000. ಅದನ್ನು 2:1 ರಲ್ಲಿ ಹಂಚಿ, ದೊಡ್ಡ ಕಾಕಾನಿಗೆ 80,000, ಸಣ್ಣ ಕಾಕಾನಿಗೆ 40,000 ತೋರಿಸಿದೆ.

ದೊಡ್ಡ ಕಾಕಾ ಕನ್ನಡಕ ಏರಿಸಿ ಹಾಳೆ ನೋಡಿದರು. ಮೆಟ್ರಿಕ್ ಓದಿದವರು, ಆದರೆ ಬಾಯಿಲೆಕ್ಕದಲ್ಲಿ ಅವರನ್ನು ಮೀರಿಸುವವರಿಲ್ಲ. "ತಮ್ಮಾ, ಹೊಸಬ ಎರಡಾಣೆ ತಗೊಂಡ ಒಂದ್ ಲಕ್ಷ ಇಪ್ಪತ್ತ್ ಸಾವಿರ ಕೊಡಾಕತ್ತಾನ. ನಾನೂ ಎರಡಾಣೆನ ಬಿಟ್ಟೀನಿ. ನನಗ ಎಂಬತ್ತ ಹೆಂಗ?" ಅಂದರು. ಹತ್ತರಲ್ಲಿ ಒಂದು ಪಾಲಿಗೆ ಅವರು ಆಣೆ ಅನ್ನುತ್ತಾರೆ, ಹದಿನಾರರ ಲೆಕ್ಕ ಹಿಡಿಯಬೇಡಿ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಚಹಾ ಆರಿ ತಣ್ಣಗಾಯಿತು. ಆಮೇಲೆ ಹೊಳೆಯಿತು. ಹಳಬರು ಒಟ್ಟು ಬಿಟ್ಟಿದ್ದು 3/10. ಹೊಸಬರಿಗೆ ಹೋಗಿದ್ದು 2/10 ಮಾತ್ರ. ಉಳಿದ 1/10 ಅಣ್ಣನ ಕಡೆ ಹೋಗಿದೆ. ಅದರ ಬೆಲೆ 60,000, ಅದನ್ನು ಯಾರೂ ಕೊಟ್ಟಿಲ್ಲ. ನನ್ನ ಸೊನ್ನೆ ಅದನ್ನು ಮುಚ್ಚಿಹಾಕಿತ್ತು.

ಹಾಗಾಗಿ MAX ಕಿತ್ತು ಹಾಕಿ, ಮೈನಸ್ ಅನ್ನು ಮೈನಸ್ ಆಗಿಯೇ ಬಿಟ್ಟೆ. F1 ರಲ್ಲಿ ಅಂಗಡಿಯ ಪೂರ್ತಿ ಗುಡ್‌ವಿಲ್ ಇದೆ.

```
D2: =B2-C2
E2: =D2*$F$1
D7: =ROUND(SUM(D2:D5),6)=0
```

ಹೊಸಬರದ್ದೂ ಒಂದು ಸಾಲು, ಅವರ ಹಳೇ ಪಾಲು ಸೊನ್ನೆ. ಈಗ ದೊಡ್ಡ ಕಾಕಾನಿಗೆ 1,20,000 ಬರಬೇಕು, ಸಣ್ಣ ಕಾಕಾನಿಗೆ 60,000. ಅಣ್ಣ ಮೈನಸ್ 60,000, ಹೊಸಬರು ಮೈನಸ್ 1,20,000. ಬರುವುದೂ ಕೊಡುವುದೂ 1,80,000ಕ್ಕೆ ಸರಿಹೋಯಿತು. D7 ರಲ್ಲಿ TRUE ಬರದಿದ್ದರೆ ಎಲ್ಲೋ ಪಾಲು ಕಳೆದಿದೆ ಅಂತ ತಿಳಿಯಬೇಕು. ನನಗೆ ಒಮ್ಮೆ ಹಾಗೇ ಆಯಿತು. 3/10 ಅಂತ ಸೀದಾ ಟೈಪ್ ಮಾಡಿದ್ದೆ, ಹಾಳೆ ಅದನ್ನು ಅಕ್ಟೋಬರ್ 3 ಅಂತ ತಾರೀಖು ಮಾಡಿಕೊಂಡಿತ್ತು. ಮುಂದೆ = ಹಾಕಲೇಬೇಕು.

ಪುಸ್ತಕದ ನಮೂದೂ ಇದೇ ದಾರಿ. ಹೊಸಬರು ತಂದ 1,20,000 ನಗದಿಗೆ ಡೆಬಿಟ್, ಗುಡ್‌ವಿಲ್ ಪ್ರೀಮಿಯಂ ಖಾತೆಗೆ ಕ್ರೆಡಿಟ್. ಆಮೇಲೆ ಪ್ರೀಮಿಯಂ ಖಾತೆಗೆ 1,20,000 ಮತ್ತು ಅಣ್ಣನ ಬಂಡವಾಳ ಖಾತೆಗೆ 60,000 ಡೆಬಿಟ್ ಮಾಡಿ, ಇಬ್ಬರು ಕಾಕಂದಿರ ಬಂಡವಾಳಕ್ಕೆ ಕ್ರೆಡಿಟ್.

ಅಣ್ಣನಿಗೆ ಇದು ಹಿಡಿಸಲಿಲ್ಲ. "ಹೊಸಬ ನಾನಲ್ಲ, ನಾ ಯಾಕ ಕೊಡಬೇಕು?" ಅಂದ. ಅವನ ಕೈಯಿಂದ ನಗದು ಹೋಗುವುದಿಲ್ಲ, ಬಂಡವಾಳದಲ್ಲಿ ಕಡಿಮೆ ಆಗುತ್ತದೆ ಅಷ್ಟೇ ಅಂದೆ. "ಎರಡೂ ಒಂದ ಅಲ್ಲೇನು?" ಅಂದ. ಅದೂ ನಿಜವೇ. ಬಾಕಿ ಮಾತು ಅಪ್ಪ ಮಗನ ನಡುವೆ ಬಿಟ್ಟು ನಾನು ಊಟಕ್ಕೆದ್ದೆ.

ಆರು ಲಕ್ಷ ಎಲ್ಲಿಂದ ಬಂತು ಅಂತ ಕೇಳಬಹುದು. ಮೂರು ವರ್ಷದ ಲಾಭದ ಸರಾಸರಿಯ ಎರಡು ಪಟ್ಟು ಅಂತ ಅವರೇ ಒಪ್ಪಿಕೊಂಡಿದ್ದರು. ಲಾಭ 2,80,000, 5,20,000 ಮತ್ತು 3,00,000. ನಡುವಿನ ವರ್ಷ ಅಷ್ಟು ಏರಿದ್ದು ಯಾಕೆ? ಯಾರೋ ಬಾಕಿ ಬದಲು ಕೊಟ್ಟ ಮಾಲನ್ನು ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟಿದ್ದರು, ದರ ಏರಿದಾಗ ಮಾರಿ 2,00,000 ಗಿಟ್ಟಿಸಿದರು. ದಲಾಲಿ ಅಂಗಡಿಗೆ ಅದು ಪ್ರತಿ ವರ್ಷ ಬರುವ ಆದಾಯ ಅಲ್ಲ. ಅದನ್ನು ಕಳೆದರೆ ಆ ವರ್ಷದ್ದು 3,20,000, ಮೂರರ ಮೊತ್ತ 9,00,000, ಸರಾಸರಿ 3,00,000. ಕಳೆಯದೇ ಬಿಟ್ಟಿದ್ದರೆ ಗುಡ್‌ವಿಲ್ 7,33,333 ಆಗಿ, ಹೊಸಬರ ಮೇಲೆ ಇನ್ನೂ 26,667 ಬೀಳುತ್ತಿತ್ತು. ಇದನ್ನು ಹೊಸಬರು ಕೇಳುವ ಮೊದಲೇ ದೊಡ್ಡ ಕಾಕಾ ತಾವೇ ಕಳೆದಿದ್ದರು. ನಾನಾಗಿದ್ದರೆ ಸುಮ್ಮನಿರುತ್ತಿದ್ದೆನೇನೋ.

ಇನ್ನೊಂದು ಸಣ್ಣ ತಪ್ಪು. ಹಳೇ ಅಡಾವೆಯಲ್ಲಿ ಗುಡ್‌ವಿಲ್ ಅಂತ 50,000 ಕೂತಿತ್ತು. ಅದನ್ನು ಮೊದಲು ಅಳಿಸಬೇಕು, ಅದೂ ಹಳೇ 5:3:2 ರಲ್ಲಿ ಹಳೇ ಮೂವರ ಮೇಲೇ: 25,000, 15,000, 10,000. ನಾನು ಅವಸರದಲ್ಲಿ ಹೊಸ ಪ್ರಮಾಣ ಹಾಕಿ, ಇನ್ನೂ ಒಳಗೆ ಕಾಲಿಡದ ಮನುಷ್ಯನ ಮೇಲೆ 10,000 ಹೊರಿಸಿದ್ದೆ. ಬೇರೆ ಟ್ಯಾಬ್‌ನಲ್ಲಿ ಸರಿ ಮಾಡಿದ್ದೇನೆ.

ಈಗ ಉಳಿದದ್ದು: ಹೊಸಬರು ಸದ್ಯ 70,000 ಮಾತ್ರ ನಗದು ತರುತ್ತಾರಂತೆ. ಬಾಕಿ 50,000 ಅನ್ನು ಅವರ ಚಾಲ್ತಿ ಖಾತೆಗೆ ಡೆಬಿಟ್ ಮಾಡಬೇಕು, ಕಾಕಂದಿರಿಗೆ ಸಿಗುವ ಕ್ರೆಡಿಟ್‌ನಲ್ಲಿ ಒಂದು ಪೈಸೆಯೂ ಕಡಿಮೆ ಆಗಬಾರದು. ಆ ಸಾಲು ಇನ್ನೂ ಹಾಕಿಲ್ಲ. ಸ್ಥಿರಾಸ್ತಿಯ ಮರುಮೌಲ್ಯದ ಟ್ಯಾಬ್ ಖಾಲಿಯೇ ಇದೆ. ಅಣ್ಣ ಇವತ್ತು ಬೆಳಗ್ಗೆ ಫೋನ್ ಮಾಡಿದ್ದ. ತನ್ನ ಪಾಲು 2/10ಕ್ಕೇ ಇಳಿಸಿದರೆ ಎಷ್ಟು ಬರುತ್ತದೆ ನೋಡು ಅಂದ. C4 ರಲ್ಲಿ =2/10 ಬರೆದೆ, ಅವನ ಮೈನಸ್ ಹೋಯಿತು, D7 ಮಾತ್ರ FALSE ಅಂತ ನಿಂತಿದೆ. ಆ ಒಂದು ಪಾಲು ಯಾರಿಗೆ ಅಂತ ಅವರೇ ಹೇಳಬೇಕು.