ಅಟ್ಟದಿಂದ ಇಳಿದ ಗೆಡ್ಡೆಗಳು, ನಾದಿನಿ ಕಳಿಸಿದ ಚಿತ್ರಗಳು

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ಆರುವುದೇ ಅಪರೂಪ. ಗ್ಲಾಡಿಯೋಲಸ್, ಡೇಲಿಯಾಗಳಂಥ ಹೂಗಿಡಗಳ ಗೆಡ್ಡೆಗಳನ್ನು ನೆಲದಲ್ಲೇ ಬಿಟ್ಟರೆ ಕೊಳೆಯುವ ಸಂಭವ ಹೆಚ್ಚು. ಆದ್ದರಿಂದ ಎಲೆ ಹಳದಿಯಾದ ಮೇಲೆ ಮೇ ತಿಂಗಳಲ್ಲಿ ಅವನ್ನು ಅಗೆದು, ನೆರಳಿನಲ್ಲಿ ಒಣಗಿಸಿ, ಅಟ್ಟದ ಮೇಲೆ ಬುಟ್ಟಿಗಳಲ್ಲಿ ಇಟ್ಟು, ಮಳೆ ಹಿಂದೆಗೆದ ಮೇಲೆ ಮತ್ತೆ ನೆಡುವವರು ನಮ್ಮಲ್ಲಿದ್ದಾರೆ. ಸೋಮವಾರಪೇಟೆಯ ಕಡೆ ಇರುವ ನನ್ನ ನಾದಿನಿಯೂ ಹಾಗೆಯೇ ಮಾಡಿದ್ದಳು. ಆದರೆ ಈ ಸಲದ ತೇವಕ್ಕೆ ಹೆಸರು ಬರೆದಿಟ್ಟ ಚೀಟಿಗಳೆಲ್ಲ ಬೂಷ್ಟು ಹಿಡಿದು ಓದಲಾಗದಂತಾಗಿದ್ದವು. ಅಕ್ಟೋಬರ್‌ನ ಒಂದು ಬೆಳಿಗ್ಗೆ ಎಲ್ಲವನ್ನೂ ಟಾರ್ಪಾಲಿನ ಮೇಲೆ ಸುರಿದು, ಮೇಲಿನಿಂದ ಒಂದು ಚಿತ್ರ ತೆಗೆದು, ಮಡಿಕೇರಿಯಲ್ಲಿರುವ ನನಗೆ ಕಳಿಸಿದಳು. “ಅತ್ತಿಗೆ, ಯಾವುದು ಏನು ಅಂತ ಒಂದು ಸಲ ನೋಡಿ ಹೇಳಿ. ಇವತ್ತೇ ಆಳುಗಳು ಬಂದಿದ್ದಾರೆ, ನೆಡಿಸಿಬಿಡುತ್ತೇನೆ” ಎಂದಳು.

ನಾನು ಬಹಳ ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವಳು. ಆದರೂ ಆ ಚಿತ್ರದಿಂದ ಏನನ್ನೂ ಹೇಳುವಂತಿರಲಿಲ್ಲ. ಮಣ್ಣು ಮೆತ್ತಿಕೊಂಡ ಕಂದು ಬಣ್ಣದ ಉಂಡೆಗಳು, ಬೆರಳುಗಳು, ತುಂಡುಗಳು ಒಂದರ ಮೇಲೊಂದು ಬಿದ್ದಿದ್ದವು. ಫ್ಲ್ಯಾಶ್ ಬೆಳಕು ಮೇಲ್ಮೈಯ ಗೆರೆಗಳನ್ನೆಲ್ಲ ಅಳಿಸಿಹಾಕಿತ್ತು. ಉರುಟಾಗಿದೆ, ಉದ್ದವಾಗಿದೆ ಎಂಬ ಆಕಾರ ಮಾತ್ರ ಕಾಣುತ್ತಿತ್ತು, ಮತ್ತು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಡಿಮೆ ನಂಬಬೇಕಾದದ್ದು ಆಕಾರವನ್ನೇ. ನೋಡಬೇಕಾದದ್ದು ಚಿಗುರಿನ ಮೊಗ್ಗು ಎಲ್ಲಿದೆ, ಬೇರು ಎಲ್ಲಿಂದ ಹೊರಟಿದೆ, ಮೈಮೇಲೆ ಎಲೆ ಅಂಟಿದ್ದ ಗುರುತು ಇದೆಯೇ ಎಂಬುದನ್ನು. ಈರುಳ್ಳಿಯಂತೆ ಪದರಪದರವಾದ ಬಲ್ಬ್, ಒಳಗೆಲ್ಲ ಗಟ್ಟಿಯಾದ ಉಬ್ಬಿದ ಕಾಂಡವಾದ ಕಾರ್ಮ್, ಆಲೂಗಡ್ಡೆಯಂಥ ಟ್ಯೂಬರ್, ಶುಂಠಿಯಂತೆ ಅಡ್ಡ ಬೆಳೆಯುವ ರೈಜೋಮ್ ಎಂಬ ನಾಲ್ಕು ಬಗೆಯ ಗೆಡ್ಡೆಗಳನ್ನು ಬೇರ್ಪಡಿಸುವುದು ಈ ಗುರುತುಗಳೇ. ಹೇಗೆ ತುಂಡು ಮಾಡಬಹುದು, ಯಾವ ಬದಿ ಮೇಲಾಗಿ ನೆಡಬೇಕು ಎಂಬುದು ಕೂಡ ಇವುಗಳಿಂದಲೇ ತೀರ್ಮಾನವಾಗುತ್ತದೆ.

ಹಾಗಾಗಿ ಆಳುಗಳಿಗೆ ಅಂದು ಬೇರೆ ಕೆಲಸ ಕೊಡುವಂತೆ ಹೇಳಿ, ಅವಳಿಗೆ ಚಿತ್ರಗಳನ್ನು ಮತ್ತೆ ತೆಗೆಯಲು ತಿಳಿಸಿದೆ. ಒಣ ಬ್ರಷ್ಷಿನಿಂದ ಮಣ್ಣು ಉದುರಿಸಬೇಕು, ತೊಳೆಯಬಾರದು. ಜಗಲಿಯಲ್ಲಿ ಬಿಳಿ ಹಾಳೆಯ ಮೇಲೆ ಒಂದೊಂದನ್ನೇ ಇಟ್ಟು, ಪಕ್ಕದಿಂದ ಬೀಳುವ ಹಗಲಿನ ಬೆಳಕಿನಲ್ಲಿ, ಪಕ್ಕ, ಮೇಲ್ಭಾಗ, ತಳ ಹೀಗೆ ಮೂರು ಚಿತ್ರ ತೆಗೆಯಬೇಕು, ಜೊತೆಗೊಂದು ಸ್ಕೇಲ್ ಇಡಬೇಕು. ಸ್ಕೇಲ್ ಇಲ್ಲದ ಚಿತ್ರದಲ್ಲಿ ಬಟಾಣಿಯಷ್ಟಿರುವುದೂ ನಿಂಬೆಹಣ್ಣಿನಷ್ಟಿರುವುದೂ ಒಂದೇ ಗಾತ್ರವಾಗಿ ಕಾಣುತ್ತವೆ. ತಳದ ಚಿತ್ರವನ್ನು ಯಾರೂ ತಾವಾಗಿ ಕಳಿಸುವುದಿಲ್ಲ, ಆದರೆ ಅರ್ಧ ಉತ್ತರ ಇರುವುದು ಅಲ್ಲಿಯೇ.

ಹೊಸ ಚಿತ್ರಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟವು ಎರಡು ಉರುಟು ವಸ್ತುಗಳು. ಎರಡಕ್ಕೂ ಒಣಗಿದ ಕಂದು ಹೊದಿಕೆ ಇತ್ತು, ಗಾತ್ರವೂ ಹೆಚ್ಚುಕಡಿಮೆ ಒಂದೇ. ಮೊದಲನೆಯದು ತುಸು ಚಪ್ಪಟೆಯಾಗಿತ್ತು. ಹೊದಿಕೆ ನಾರುನಾರಾಗಿ ಸೀಳಿತ್ತು, ತಳದಲ್ಲಿ ಸುಕ್ಕುಗಟ್ಟಿದ ಬಿಲ್ಲೆಯೊಂದು ಅಂಟಿಕೊಂಡಿತ್ತು, ಅದರ ಸುತ್ತ ಬಟಾಣಿಗಿಂತ ಸಣ್ಣ ಗುಂಡುಗಳು ಗೊಂಚಲಾಗಿದ್ದವು. ಎರಡನೆಯದಕ್ಕೆ ಮೇಲೆ ಕತ್ತಿನಂತೆ ಸಪೂರವಾಗುವ ಭಾಗವಿತ್ತು, ಹೊದಿಕೆ ತೆಳ್ಳಗಿನ ಕಾಗದದಂತಿತ್ತು, ತಳದಿಂದ ಒಣಗಿದ ದಪ್ಪ ಬೇರುಗಳು ನೇತಾಡುತ್ತಿದ್ದವು. ಇಷ್ಟರಿಂದಲೇ ಮೊದಲನೆಯದು ಕಾರ್ಮ್, ಎರಡನೆಯದು ಬಲ್ಬ್ ಎಂದು ಊಹಿಸಬಹುದಿತ್ತು. ಆದರೆ ಹೊದಿಕೆ ಎರಡಕ್ಕೂ ಇರುತ್ತದೆ, ಮತ್ತು ಚೆನ್ನಾಗಿ ಒಣಗಿಸಿದ ಕಾರ್ಮ್‌ನಲ್ಲಿ ಆ ಬಿಲ್ಲೆ ಕಳಚಿ ಬಿದ್ದಿರುವುದೂ ಉಂಟು. ಆದ್ದರಿಂದ ಎರಡರ ಹೊದಿಕೆಯನ್ನೂ ಸುಲಿದು ತೋರಿಸುವಂತೆ ಕೇಳಿದೆ.

ಸುಲಿದ ಮೇಲೆ ಸಂಶಯ ಉಳಿಯಲಿಲ್ಲ. ಮೊದಲನೆಯದರ ಬರಿಮೈಯಲ್ಲಿ, ಸುತ್ತ ದಾರ ಕಟ್ಟಿ ತೆಗೆದಂತೆ, ಒಂದರ ಕೆಳಗೊಂದು ಅಡ್ಡ ಉಂಗುರಗಳು ಕಾಣಿಸಿದವು. ಕಾರ್ಮ್ ಎಂದರೆ ಉಬ್ಬಿದ ಕಾಂಡ. ಹೊದಿಕೆಯೆಂದು ನಾವು ಸುಲಿಯುವುದು ಎಲೆಗಳ ಒಣಗಿದ ಬುಡ, ಆ ಎಲೆ ಅಂಟಿದ್ದ ಗಿಣ್ಣೇ ಉಂಗುರವಾಗಿ ಉಳಿಯುತ್ತದೆ. ಗ್ಲಾಡಿಯೋಲಸ್‌ನ ಎಲೆಗಳು ಬೀಸಣಿಗೆಯಂತೆ ಎರಡೇ ಸಾಲಿನಲ್ಲಿ ಬರುವುದರಿಂದ, ಗಿಣ್ಣಿನ ಮೊಗ್ಗುಗಳೂ ಕಾರ್ಮ್‌ನ ಎರಡು ಎದುರುಬದಿಗಳಲ್ಲಿ ಸಾಲಾಗಿ ಕೂತಿರುತ್ತವೆ. ತುದಿಯಲ್ಲಿ ದೊಡ್ಡ ಮೊಗ್ಗು, ಅದರಿಂದ ಎರಡೂ ಕಡೆಗೆ ಇಳಿಯುತ್ತ ಸಣ್ಣವು. ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಆ ಸಾಲು ಸ್ಪಷ್ಟವಾಗಿತ್ತು. ತಳದ ಸುಕ್ಕು ಬಿಲ್ಲೆ ಹಿಂದಿನ ವರ್ಷ ನೆಟ್ಟ ಕಾರ್ಮ್‌ನ ಅವಶೇಷ, ಏಕೆಂದರೆ ಗ್ಲಾಡಿಯೋಲಸ್ ಪ್ರತಿ ವರ್ಷ ಹಳೆಯದರ ತಲೆಯ ಮೇಲೆ ಹೊಸ ಕಾರ್ಮ್ ಕಟ್ಟುತ್ತದೆ. ಸುತ್ತಲಿನ ಸಣ್ಣ ಗುಂಡುಗಳು ಅದರ ಮರಿಗಳು. ಎರಡನೆಯದನ್ನು ಸುಲಿದಾಗ ಸಿಕ್ಕಿದ್ದು ನಯವಾದ, ರಸವತ್ತಾದ ಮೈ, ಅದರ ಮೇಲೆ ಬುಡದಿಂದ ಕತ್ತಿನ ಕಡೆಗೆ ಏರುವ ತೆಳು ಗೆರೆಗಳು. ಅಡ್ಡ ಉಂಗುರ ಒಂದೂ ಇಲ್ಲ. ನಾವು ಅಮರಿಲ್ಲಿಸ್ ಎಂದು ಕರೆಯುವ ಹಿಪ್ಪಿಯಾಸ್ಟ್ರಮ್‌ನ ಬಲ್ಬ್ ಅದು.

ಕಾರ್ಮ್‌ಗಳು ಬುಟ್ಟಿ ತುಂಬ ಇದ್ದುದರಿಂದ ಒಂದನ್ನು ಕತ್ತರಿಸಿ ತೋರಿಸಲು ಹೇಳಿದೆ. ಅವಳು ಅಡ್ಡಕ್ಕೆ ಕೊಯ್ದು, “ಇದರೊಳಗೂ ಒಂದು ಸುತ್ತು ಕಾಣುತ್ತದಲ್ಲ ಅತ್ತಿಗೆ, ಈರುಳ್ಳಿಯ ಹಾಗೆ?” ಎಂದು ಬರೆದಳು. ಅವಳ ಕಣ್ಣು ಸೂಕ್ಷ್ಮವಾಗಿತ್ತು, ಆ ಸುತ್ತು ನಿಜವಾಗಿಯೂ ಇತ್ತು. ಕಾರ್ಮ್‌ನ ನಡುವೆ ನೀರು, ಆಹಾರ ಸಾಗಿಸುವ ನಾಳಗಳ ತಿರುಳೊಂದಿದ್ದು, ಅದರ ಅಂಚು ಮಸುಕಾದ ಒಂದೇ ವೃತ್ತವಾಗಿ ಕಾಣುತ್ತದೆ. ಬಲ್ಬಿನಲ್ಲಿ ಕಾಣುವುದು ಗೆರೆಯಲ್ಲ, ಬಿಡಿಬಿಡಿಯಾದ ಪದರಗಳು. ಉಗುರಿನಿಂದ ಎತ್ತಿದರೆ ಪದರ ಎದ್ದುಬರುತ್ತದೆ, ಕಾರ್ಮ್‌ನಲ್ಲಿ ಉಗುರು ಗಟ್ಟಿ ತಿರುಳಿಗೆ ನಾಟುತ್ತದೆ ಅಷ್ಟೇ. ಕೊಯ್ಯಲೇಬೇಕೆಂದಿದ್ದರೆ ಮೇಲಿಂದ ಕೆಳಕ್ಕೆ ಕೊಯ್ಯುವುದು ಉತ್ತಮ. ಬಲ್ಬ್ ಆಗಿದ್ದರೆ ತಳದಲ್ಲಿ ಗಟ್ಟಿಯಾದ ತಟ್ಟೆ, ಅದರಿಂದ ಮೇಲಕ್ಕೆ ಬಾಗಿ ಏರುವ ಪದರಗಳು, ನಡುವೆ ಚಿಗುರು, ಎಲ್ಲವೂ ಒಂದೇ ಚಿತ್ರದಲ್ಲಿ ಬರುತ್ತವೆ. ಆ ತಟ್ಟೆಯೇ ಬಲ್ಬಿನ ಕಾಂಡ. ಅದರ ಚೂರಾದರೂ ಸೇರದ ಪದರವನ್ನು ನೆಟ್ಟರೆ ಅದು ಕೊಳೆತುಹೋಗುವುದೇ ಹೆಚ್ಚು. ಗ್ಲಾಡಿಯೋಲಸ್ ಕಾರ್ಮ್ ಆದರೋ, ಪ್ರತಿ ತುಂಡಿಗೂ ಒಂದು ಮೊಗ್ಗು ಮತ್ತು ತಳದ ಬೇರು ಹೊರಡುವ ಭಾಗ ಬರುವಂತೆ ಸೀಳಿದರೆ ಸಾಕು.

ಡೇಲಿಯಾ ಗುರುತಿಸುವುದು ಕಷ್ಟವಿರಲಿಲ್ಲ, ಆದರೆ ಅವಳು ಗೊಂಚಲನ್ನು ಆಗಲೇ ಬಿಡಿಸಿ ಬೆರಳುಗಳನ್ನು ಸಾಲಾಗಿ ಜೋಡಿಸಿದ್ದಳು. ಮೈ ನಯವಾಗಿ, ಬಾಲದಲ್ಲಿ ಸಣ್ಣ ಬೇರುಗಳಿದ್ದ ಆ ಬೆರಳುಗಳಲ್ಲಿ ಆಲೂಗಡ್ಡೆಯಲ್ಲಿರುವಂಥ ಕಣ್ಣುಗಳು ಎಲ್ಲಿಯೂ ಇರಲಿಲ್ಲ. ಆಲೂಗಡ್ಡೆ ಕಾಂಡದಿಂದಾದ ಟ್ಯೂಬರ್, ಅದರ ಮೈಯೆಲ್ಲ ಕಣ್ಣು. ಡೇಲಿಯಾದ ಬೆರಳು ಉಬ್ಬಿದ ಬೇರು. ಚಿಗುರು ಬರುವುದು ಹಳೆಯ ಕಾಂಡದ ಬುಡದಿಂದ ಮಾತ್ರ, ಬೆರಳಿನಿಂದ ಎಂದೂ ಅಲ್ಲ. ಹಾಗಾಗಿ ಪ್ರತಿ ಬೆರಳಿನ ಕತ್ತಿನ ತುದಿಯನ್ನು ಹತ್ತಿರದಿಂದ ತೆಗೆದು ಕಳಿಸಲು ಹೇಳಿದೆ. ಕೆಲವಕ್ಕೆ ಕಾಂಡದ ಚೂರು ಅಂಟಿಕೊಂಡಿತ್ತು. ಕೆಲವು ಕತ್ತಿನಲ್ಲೇ ಮುರಿದಿದ್ದವು, ಅಂಥವು ಎಷ್ಟು ದಪ್ಪವಾಗಿದ್ದರೂ ಪ್ರಯೋಜನವಿಲ್ಲ. ಇನ್ನು ಕೆಲವಕ್ಕೆ ಕಾಂಡವಿತ್ತು, ಆದರೆ ಕತ್ತು ಮಡಚಿ ಸುತ್ತಲೂ ಸುಕ್ಕು ಬಿದ್ದಿತ್ತು. ಒಳಗೆ ಮುರಿದಿದೆಯೋ ಇಲ್ಲವೋ ಎಂಬುದನ್ನು ಚಿತ್ರ ಹೇಳುವುದಿಲ್ಲ, ಕೈಯಲ್ಲಿ ಹಿಡಿದು ಅಲುಗಿಸಿಯೇ ನೋಡಬೇಕು. ಸುಪ್ತವಾಗಿರುವಾಗ ಡೇಲಿಯಾದ ಮೊಗ್ಗು ಕಣ್ಣಿಗೆ ಬೀಳುವುದೂ ಕಷ್ಟ. ಕಾಂಡವಿದ್ದವನ್ನೆಲ್ಲ ತುಸು ಹಸಿಯಾದ ಮರಳಿನಲ್ಲಿ ಒಂದೆರಡು ವಾರ ಬೆಚ್ಚಗೆ ಇಟ್ಟು, ಮೊಗ್ಗು ಉಬ್ಬಿದವನ್ನು ಮಾತ್ರ ನೆಡುವಂತೆ ಸೂಚಿಸಿದೆ.

ಕಾಬಾಳೆ ಹೂವಿನ ರೈಜೋಮ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ಶುಂಠಿ ಬೆಳೆದ ಮನೆಯವರಿಗೆ ಅಡ್ಡ ಮಲಗಿ ಬೆಳೆಯುವ ಕಾಂಡ, ಅದರ ಗಿಣ್ಣು, ಕೆಳಬದಿಯ ಬೇರು ಹೊಸತಲ್ಲ. ಆದರೆ ಅದೇ ಬುಟ್ಟಿಯಲ್ಲಿ ರೈಜೋಮ್ ಎಂದೇ ಅವಳು ಇಟ್ಟಿದ್ದ ಸರಪಳಿಯಂಥ ವಸ್ತುವೊಂದು ಬೇರೆಯಾಗಿತ್ತು. ಒಂದಕ್ಕೊಂದು ಅಂಟಿದ ಚಪ್ಪಟೆ ಬಿಲ್ಲೆಗಳು, ಪ್ರತಿಯೊಂದಕ್ಕೂ ತನ್ನದೇ ನಾರಿನ ಹೊದಿಕೆ. ಕಿತ್ತಳೆ ಬಣ್ಣದ ಹೂ ಬಿಡುವ ಮಾಂಟ್‌ಬ್ರೆಷಿಯಾದ ಕಾರ್ಮ್‌ಗಳವು. ಅದರಲ್ಲಿ ಹಳೆಯ ಕಾರ್ಮ್‌ಗಳು ಬೇಗ ಕರಗದೆ ಹೊಸದರ ಕೆಳಗೆ ವರ್ಷವರ್ಷವೂ ಉಳಿಯುವುದರಿಂದ ಸರಪಳಿಯಾಗುತ್ತದೆ. ನೆಲದಲ್ಲಿ ಅದು ಮಲಗಿರುವುದಿಲ್ಲ, ನಿಂತಿರುತ್ತದೆ. ಹಾಳೆಯ ಮೇಲೆ ಮಲಗಿಸಿ ತೆಗೆದ ಚಿತ್ರದಲ್ಲಿ ಈ ವ್ಯತ್ಯಾಸ ಮಾಯವಾಗುವುದರಿಂದ ಬಿಡಿ ಬಿಲ್ಲೆಯ ಹೊದಿಕೆ, ಉಂಗುರಗಳನ್ನೇ ನೋಡಬೇಕಾಯಿತು.

ಇನ್ನೊಂದು ಚಿತ್ರ ಕಂಡಾಗ ಮಾತ್ರ ನಾನು ತಕ್ಷಣ ಫೋನ್ ಮಾಡಿದೆ. ಇಂಗ್ಲಿಷಿನ ವಿ ಅಕ್ಷರದಂತೆ ಕವಲಾದ, ನುಣುಪಾದ, ಗೆಣಸೆಂದು ಯಾರಾದರೂ ತಿಳಿಯಬಹುದಾದ ಟ್ಯೂಬರ್, ಕವಲಿನ ತುದಿಯಲ್ಲಿ ಮೊಗ್ಗು. ಅದು ಬೇಲಿಯಿಂದ ತಂದಿಟ್ಟ ಗೌರಿಹೂವಿನ, ಅಂದರೆ ಅಗ್ನಿಶಿಖೆಯ ಗೆಡ್ಡೆ. ಅದರಲ್ಲಿರುವ ಕೊಲ್ಚಿಸಿನ್ ಜೀವಕ್ಕೆ ಅಪಾಯ ತರುವ ವಿಷ. ಅಡುಗೆಮನೆಯ ಗೆಡ್ಡೆಗಳ ಹತ್ತಿರ ಅದು ಇರಲೇಬಾರದು, ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯಬೇಕು ಎಂದೆ. ಅದನ್ನು ಅವಳು ಆಗಲೇ ಬೇರೆ ಡಬ್ಬಿಗೆ ಹಾಕಿ ಮಕ್ಕಳ ಕೈಗೆ ಸಿಗದಂತೆ ಮೇಲಿಟ್ಟಳು.

ಕೊನೆಗೆ ಗೋಲಿಯಷ್ಟು ಗಾತ್ರದ, ಕಪ್ಪು ಹೊದಿಕೆಯ ಒಂದು ಹಿಡಿ ಗುಂಡುಗಳು ಉಳಿದವು. ಸುಲಿದಾಗ ಉಂಗುರವಿಲ್ಲ, ಉದ್ದಕ್ಕೆ ಕೊಯ್ದಾಗ ಪದರಗಳಿವೆ, ತಳದಲ್ಲಿ ತಟ್ಟೆಯಿದೆ, ಆದ್ದರಿಂದ ಬಲ್ಬ್ ಎಂಬುದು ಖಚಿತ. ಮಳೆ ಲಿಲ್ಲಿಯದೋ ಹಿಪ್ಪಿಯಾಸ್ಟ್ರಮ್‌ನ ಮರಿಗಳೋ ಎಂದು ಚಿತ್ರದಿಂದ ಹೇಳುವಂತಿರಲಿಲ್ಲ. ಕತ್ತು ಮೇಲೆ ಬರುವಂತೆ, ನೀರು ನಿಲ್ಲದ ಮಣ್ಣು ತುಂಬಿದ ಕುಂಡದಲ್ಲಿ ತುದಿ ಮಣ್ಣಿನ ಮಟ್ಟಕ್ಕಿರುವಂತೆ ಕೂರಿಸಲು ಹೇಳಿದೆ, ಎರಡರಲ್ಲಿ ಯಾವುದಾದರೂ ಹಾಗೆ ಬದುಕುತ್ತದೆ. ಎಲೆ ಹುಲ್ಲಿನಂತೆ ಸಪೂರವಾಗಿ ಬಂದರೆ ಮಳೆ ಲಿಲ್ಲಿ, ಪಟ್ಟಿಯಂತೆ ಅಗಲವಾಗುತ್ತ ಹೋದರೆ ಹಿಪ್ಪಿಯಾಸ್ಟ್ರಮ್. ಎರಡು ಮೂರು ಎಲೆ ಬಂದ ಮೇಲೆ ಸ್ಕೇಲ್ ಇಟ್ಟು ಇನ್ನೊಂದು ಚಿತ್ರ ಕಳಿಸುತ್ತೇನೆ ಎಂದು ಅವಳು ಹೇಳಿದ್ದಾಳೆ.